ಉದ್ದಿಮೆ ಸಣ್ಣದೋ ದೊಡ್ಡದೋ ಅಂತ ವಹಿವಾಟು ನೋಡಿ ಹೇಳಬಹುದೇ?

ಭಾರತದಲ್ಲಿ ಉದ್ದಿಮೆಯ ಗಾತ್ರ ತೀರ್ಮಾನಿಸಲು ನೋಡುವುದು ಎರಡನ್ನೇ. ಯಂತ್ರೋಪಕರಣದ ಮೇಲೆ ಹೂಡಿದ ಹಣ ಮತ್ತು ವರ್ಷದ ವಹಿವಾಟು. 2025ರ ಏಪ್ರಿಲ್ 1ರಿಂದ ಹೂಡಿಕೆ ಎರಡೂವರೆ ಕೋಟಿ, ವಹಿವಾಟು 10 ಕೋಟಿ ರೂಪಾಯಿ ಮೀರದಿದ್ದರೆ ಸೂಕ್ಷ್ಮ. 25 ಕೋಟಿ ಮತ್ತು 100 ಕೋಟಿವರೆಗೆ ಸಣ್ಣ. 125 ಕೋಟಿ ಮತ್ತು 500 ಕೋಟಿವರೆಗೆ ಮಧ್ಯಮ. ಅದರಾಚೆ ಇರುವುದೆಲ್ಲ ದೊಡ್ಡದು. ಎಷ್ಟು ಜನ ಕೆಲಸ ಮಾಡುತ್ತಾರೆ ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ಇದು ಸರಿಯಾ?

ಪರ: ಹಣದ ಅಳತೆಯೇ ಸರಿ

ಮೊದಲು ಇದ್ದ ಪದ್ಧತಿ ನೆನಪಿಸಿಕೊಳ್ಳಿ. 2006ರ ಕಾಯ್ದೆಯಲ್ಲಿ ಹೂಡಿಕೆಯೊಂದೇ ಅಳತೆ. ತಯಾರಿಕೆಗೆ ಒಂದು ಮಿತಿ, ಸೇವೆಗೆ ಇನ್ನೊಂದು. ತಯಾರಿಕೆಯಲ್ಲಿ ಸಣ್ಣ ಉದ್ದಿಮೆಯ ಗಡಿ 5 ಕೋಟಿ ಇತ್ತು. ಆ ಗಡಿಯ ಹತ್ತಿರ ಬಂದವರಿಗೆ ಹೊಸ ಯಂತ್ರ ತರುವುದು ಅಂದರೆ ಸೌಲಭ್ಯ ಕಳೆದುಕೊಳ್ಳುವುದು ಅಂತಲೇ ಅರ್ಥ. ಒಳ್ಳೆಯ ಯಂತ್ರ ಕೊಂಡವರಿಗೆ ಶಿಕ್ಷೆ ಕೊಡುವ ಅಳತೆ ಅದು. ವರ್ಷಕ್ಕೆ ನೂರಾರು ಕೋಟಿ ವ್ಯವಹಾರ ಮಾಡುವವರು ಯಂತ್ರ ಕಡಿಮೆ ಇದೆ ಅಂತ ಸಣ್ಣವರ ಸಾಲಿನಲ್ಲೇ ಕೂತಿರಬಹುದಿತ್ತು. 2020ರ ಜುಲೈ 1ರಿಂದ ವಹಿವಾಟನ್ನೂ ಸೇರಿಸಿ, ತಯಾರಿಕೆ ಮತ್ತು ಸೇವೆಗೆ ಒಂದೇ ಗಡಿ ಮಾಡಿದರು. ಈಗ ಎರಡರಲ್ಲಿ ಯಾವುದೇ ಒಂದು ಮಿತಿ ದಾಟಿದರೂ ಮೇಲಿನ ವರ್ಗಕ್ಕೆ ಹೋಗಲೇಬೇಕು. ಕೆಳಗೆ ಇಳಿಯಬೇಕಾದರೆ ಎರಡೂ ಮಿತಿಯೊಳಗೆ ಇರಬೇಕು.

ಇದರಲ್ಲಿ ನನಗೆ ಮುಖ್ಯ ಅನ್ನಿಸುವುದು ತಾಳೆ ನೋಡುವ ಸುಲಭ. ಹೂಡಿಕೆಯ ಅಂಕಿ ಆದಾಯ ತೆರಿಗೆ ರಿಟರ್ನ್‌ನಿಂದ ಬರುತ್ತದೆ, ವಹಿವಾಟಿನದು ತೆರಿಗೆ ಮತ್ತು ಜಿಎಸ್‌ಟಿ ದಾಖಲೆಗಳಿಂದ. ಒಂದೇ ಪ್ಯಾನ್ ಅಡಿಯಲ್ಲಿ ಎಷ್ಟು ಜಿಎಸ್‌ಟಿ ನೋಂದಣಿ ಇದ್ದರೂ ಎಲ್ಲವನ್ನೂ ಕೂಡಿಸುತ್ತಾರೆ. ಹಾಗಾಗಿ ಅದೇ ಪ್ಯಾನ್‌ನಲ್ಲಿ ಮೂರು ಘಟಕ ತೆರೆದು ಮೂರೂ ಸೂಕ್ಷ್ಮ ಅಂತ ಹೇಳಿಕೊಳ್ಳಲು ಆಗುವುದಿಲ್ಲ. ಯಾರೂ ಬಂದು ತಲೆ ಎಣಿಸಬೇಕಾಗಿಲ್ಲ.

ತಲೆ ಎಣಿಕೆಯಲ್ಲಿ ಇರುವ ತೊಡಕು ಸಣ್ಣದಲ್ಲ. ಗುತ್ತಿಗೆ ಕಾರ್ಮಿಕರು ಯಾರ ಲೆಕ್ಕಕ್ಕೆ? ನಾಲ್ಕು ತಿಂಗಳ ಹಂಗಾಮಿಗೆ ಬಂದವರನ್ನು ಎಷ್ಟು ಅಂತ ಹಿಡಿಯಬೇಕು? ಯುರೋಪಿಯನ್ ಒಕ್ಕೂಟ ಸಂಖ್ಯೆಯನ್ನೇ ಮುಖ್ಯ ಮಾಡಿಕೊಂಡಿದೆ: 10ಕ್ಕಿಂತ ಕಡಿಮೆ ಸೂಕ್ಷ್ಮ, 50ಕ್ಕಿಂತ ಕಡಿಮೆ ಸಣ್ಣ, 250ಕ್ಕಿಂತ ಕಡಿಮೆ ಮಧ್ಯಮ. ಅದಕ್ಕಾಗಿ ಅರೆಕಾಲಿಕರನ್ನೂ ಹಂಗಾಮಿಯವರನ್ನೂ ಪೂರ್ಣ ವರ್ಷದ ಕೆಲಸಕ್ಕೆ ಹೋಲಿಸಿ ಭಿನ್ನರಾಶಿಯಲ್ಲಿ ಲೆಕ್ಕ ಹಾಕಬೇಕಾಗುತ್ತದೆ. ನಮ್ಮಲ್ಲಿ ಕೆಲಸಗಾರರ ಅರ್ಧ ಭಾಗವನ್ನು ಗುತ್ತಿಗೆದಾರನ ಪಟ್ಟಿಗೆ ಹಾಕಿದರೆ ಸಾಕು, ದೊಡ್ಡ ಕಾರ್ಖಾನೆ ಕಾಗದದ ಮೇಲೆ ಸಣ್ಣದಾಗಿಬಿಡುತ್ತದೆ. ಜೊತೆಗೆ ಇನ್ನೊಬ್ಬರನ್ನು ಕೆಲಸಕ್ಕೆ ತೆಗೆದುಕೊಂಡರೆ ಸೌಲಭ್ಯ ಹೋಗುತ್ತದೆ ಅನ್ನುವ ಗಡಿಯನ್ನು ಕೆಲಸ ಬೇಕಾಗಿರುವ ದೇಶದಲ್ಲಿ ನಾವೇ ಎಳೆಯಬೇಕಾ?

ಇನ್ನೊಂದು ಮಾತು. ವರ್ಗದಿಂದ ಸಿಗುವ ದೊಡ್ಡ ರಕ್ಷಣೆ ಅಂದರೆ ಬಾಕಿ ಹಣ. ಸೂಕ್ಷ್ಮ ಅಥವಾ ಸಣ್ಣ ಉದ್ದಿಮೆ ಮಾಲು ಕೊಟ್ಟರೆ ಕೊಂಡವರು ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಇದು ದೊಡ್ಡ ಗಿರಾಕಿಯ ಎದುರು ದನಿ ಎತ್ತಲಾಗದವರಿಗೆ ಇರುವ ರಕ್ಷಣೆ. 12 ಜನ ಇಟ್ಟುಕೊಂಡು 400 ಕೋಟಿ ವ್ಯವಹಾರ ಮಾಡುವವರಿಗೆ ಅದು ಯಾಕೆ ಬೇಕು?

ವಿರೋಧ: ವಹಿವಾಟು ಗಾತ್ರ ಹೇಳುವುದಿಲ್ಲ

ವಹಿವಾಟಿನಲ್ಲಿ ಉದ್ದಿಮೆಯ ಸ್ವಂತ ದುಡಿಮೆ ಎಷ್ಟು, ಹೊರಗಿನಿಂದ ತಂದ ಕಚ್ಚಾಮಾಲಿನ ಬೆಲೆ ಎಷ್ಟು ಅನ್ನುವುದು ಬೇರೆಯಾಗಿ ಕಾಣುವುದೇ ಇಲ್ಲ. ನನ್ನ ಇಡೀ ತಕರಾರು ಇಲ್ಲಿಂದ ಶುರುವಾಗುತ್ತದೆ.

ಒಂದು ಲೆಕ್ಕ ಮಾಡಿ ನೋಡೋಣ. ತಾಮ್ರದ ತಂತಿ ಎಳೆಯುವ ಎರಡು ಘಟಕ ಇವೆ ಅಂದುಕೊಳ್ಳಿ. ಎರಡರಲ್ಲೂ ಅದೇ ಯಂತ್ರ, 2 ಕೋಟಿ ಹೂಡಿಕೆ, ಅಷ್ಟೇ ಜನ, ವರ್ಷಕ್ಕೆ ಅಷ್ಟೇ ಟನ್ ತಂತಿ. ಮೊದಲನೆಯದು ತಾಮ್ರವನ್ನು ತಾನೇ ಕೊಂಡು, ತಂತಿ ಮಾಡಿ ಮಾರುತ್ತದೆ. ತಾಮ್ರಕ್ಕೆ 84 ಕೋಟಿ, ತನ್ನ ಕೆಲಸಕ್ಕೆ 6 ಕೋಟಿ, ವಹಿವಾಟು 90 ಕೋಟಿ. ಎರಡನೆಯದು ಜಾಬ್ ವರ್ಕ್ ಮಾಡುತ್ತದೆ. ಗಿರಾಕಿಯೇ ತಾಮ್ರ ಕಳಿಸುತ್ತಾನೆ, ಇವರು ಕೂಲಿ ಮಾತ್ರ ಬಿಲ್ ಮಾಡುತ್ತಾರೆ. ವಹಿವಾಟು 6 ಕೋಟಿ. ಮೊದಲನೆಯದು ಸಣ್ಣ, ಎರಡನೆಯದು ಸೂಕ್ಷ್ಮ. ಒಳಗೆ ಹೋಗಿ ನೋಡಿದರೆ ಒಂದು ಬೋಲ್ಟಿನಷ್ಟೂ ವ್ಯತ್ಯಾಸ ಇಲ್ಲ.

ಈಗ ತಾಮ್ರದ ಬೆಲೆ ನೂರಕ್ಕೆ 20ರಷ್ಟು ಏರಿತು ಅಂತಿಟ್ಟುಕೊಳ್ಳಿ. 84 ಕೋಟಿ ಇದ್ದದ್ದು 100.8 ಕೋಟಿ ಆಯಿತು, ಕೂಲಿ ಅದೇ 6 ಕೋಟಿ, ಒಟ್ಟು 106.8 ಕೋಟಿ. ಒಂದು ಕಿಲೋ ತಂತಿಯೂ ಹೆಚ್ಚು ಎಳೆದಿಲ್ಲ, ಒಂದು ರೂಪಾಯಿ ಲಾಭವೂ ಹೆಚ್ಚು ಬಂದಿಲ್ಲ, ಆದರೂ ಮೊದಲ ಘಟಕ ಮಧ್ಯಮ ಆಗಿಬಿಟ್ಟಿತು! ಮಧ್ಯಮಕ್ಕೆ 45 ದಿನದ ರಕ್ಷಣೆ ಇಲ್ಲ. ಅದೂ ಯಾವಾಗ? ಅಷ್ಟೇ ತಾಮ್ರ ಕೊಳ್ಳಲು ಮೊದಲಿಗಿಂತ ಜಾಸ್ತಿ ಹಣ ಬೇಕಾಗಿರುವ, ಬಾಕಿ ತಡವಾದರೆ ಕತ್ತು ಹಿಸುಕಿದಂತಾಗುವ ಹೊತ್ತಿನಲ್ಲೇ. ಮೇಲಿನ ವರ್ಗಕ್ಕೆ ಹೋದವರಿಗೆ ತೆರಿಗೆಗೆ ಸಂಬಂಧಿಸದ ಸೌಲಭ್ಯ ಮೂರು ವರ್ಷ ಮುಂದುವರಿಯಲಿ ಅಂತ 2022ರ ಅಕ್ಟೋಬರ್‌ನಲ್ಲಿ ತಿದ್ದುಪಡಿ ಮಾಡಿದರು. ಒಳ್ಳೆಯದೇ. ಆದರೆ ಅದು ತಪ್ಪಾದ ಅಳತೆಗೆ ಕೊಟ್ಟ ಕಾಲಾವಕಾಶ ಅಷ್ಟೇ, ಅಳತೆ ಬದಲಾಗಲಿಲ್ಲ.

ಹೂಡಿಕೆಯ ಅಂಕಿಗೂ ಇದೇ ಕಥೆ. ಅದನ್ನು ತೆಗೆದುಕೊಳ್ಳುವುದು ಸವಕಳಿ ಕಳೆದ ಮೇಲಿನ ಬೆಲೆಯಲ್ಲಿ. 3 ಕೋಟಿಯ ಯಂತ್ರಕ್ಕೆ ವರ್ಷಕ್ಕೆ ನೂರಕ್ಕೆ 15 ಸವಕಳಿ ಹಾಕಿದರೆ ಮೊದಲ ವರ್ಷದ ಕೊನೆಗೆ 2.55 ಕೋಟಿ, ಎರಡನೆಯ ವರ್ಷದ ಕೊನೆಗೆ ಸುಮಾರು 2.17 ಕೋಟಿ. ಅಂದರೆ ವಹಿವಾಟು 10 ಕೋಟಿಯೊಳಗೆ ಇರುವ ಘಟಕ ಯಂತ್ರ ಹಳೆಯದಾಯಿತು ಅನ್ನುವ ಒಂದೇ ಕಾರಣಕ್ಕೆ ಸಣ್ಣದರಿಂದ ಸೂಕ್ಷ್ಮಕ್ಕೆ ಇಳಿಯಬಹುದು, ಉತ್ಪಾದನೆ ಅಷ್ಟೇ ಇದ್ದರೂ. ರಫ್ತಿನ ಮೊತ್ತವಂತೂ ವಹಿವಾಟಿನ ಲೆಕ್ಕಕ್ಕೇ ಸೇರುವುದಿಲ್ಲ. ದೇಶದೊಳಗೆ 8 ಕೋಟಿ, ಹೊರಗೆ 300 ಕೋಟಿ ಮಾರುವ ಘಟಕ, ಹೂಡಿಕೆ ಕಡಿಮೆ ಇದ್ದರೆ, ಸೂಕ್ಷ್ಮ! ರಫ್ತಿಗೆ ಉತ್ತೇಜನ ಕೊಡಿ, ಬೇಡ ಅನ್ನುವುದಿಲ್ಲ. ಆದರೆ ಅದನ್ನು ಗಾತ್ರದ ಅಳತೆಯೊಳಗೆ ಯಾಕೆ ತುರುಕಬೇಕು?

ತಲೆ ಎಣಿಕೆಯಲ್ಲಿ ಮೋಸ ಆಗುತ್ತದೆ ಅನ್ನುವುದು ನಿಜ, ಅದನ್ನು ಒಪ್ಪುತ್ತೇನೆ. ಆದರೆ ಪಿಎಫ್‌ಗೆ ಪ್ರತಿ ತಿಂಗಳು ಹೆಸರುವಾರು ಲೆಕ್ಕ ಹೋಗುತ್ತದೆ, ಗುತ್ತಿಗೆದಾರರೂ ಸಲ್ಲಿಸಬೇಕು, ಹಾಗಾಗಿ ದಾಖಲೆಯೇ ಇಲ್ಲ ಅನ್ನುವಂತಿಲ್ಲ. ಯುರೋಪಿನ ನಿಯಮದಲ್ಲಿ ನನಗೆ ಇಷ್ಟವಾಗುವ ಅಂಶ ಎರಡು. ಸಂಖ್ಯೆಯ ಮಿತಿಯೊಳಗೆ ಇದ್ದವರು ವಹಿವಾಟು ಅಥವಾ ಆಸ್ತಿಪಟ್ಟಿಯ ಮೊತ್ತ, ಎರಡರಲ್ಲಿ ಒಂದು ಮಿತಿಯೊಳಗೆ ಇದ್ದರೆ ಸಾಕು. ಹಾಗಾಗಿ ದುಬಾರಿ ಕಚ್ಚಾಮಾಲು ಬಳಸುವವರು ವಹಿವಾಟು ಜಾಸ್ತಿಯಾಯಿತು ಅನ್ನುವುದೊಂದರಿಂದಲೇ ಮೇಲಕ್ಕೆ ಹೋಗುವುದಿಲ್ಲ. ಜೊತೆಗೆ ಸತತ ಎರಡು ವರ್ಷ ಗಡಿ ದಾಟಿದ ಮೇಲೆಯೇ ವರ್ಗ ಬದಲಾಗುತ್ತದೆ, ಒಂದು ವರ್ಷದ ಬೆಲೆಯೇರಿಕೆಗೆ ಅಲ್ಲಾಡುವುದಿಲ್ಲ.

ತಲೆ ಎಣಿಸುವುದು ಬೇಡವೇ ಬೇಡ ಅಂದರೂ ಇನ್ನೊಂದು ದಾರಿ ಇದೆ. ಕೊಂಡ ಕಚ್ಚಾಮಾಲಿನ ಮೊತ್ತವೂ ಅದೇ ತೆರಿಗೆ ರಿಟರ್ನ್‌ನಲ್ಲಿ ಇರುತ್ತದಲ್ವಾ? ವಹಿವಾಟಿನಿಂದ ಅದನ್ನು ಕಳೆಯಿರಿ, ಉಳಿದದ್ದಕ್ಕೆ ಮಿತಿ ಹಾಕಿ. ಆಗ ಆ ಎರಡೂ ತಂತಿ ಘಟಕಗಳಿಗೆ ಉಳಿಯುವುದು ಅದೇ 6 ಕೋಟಿ. ತಾಮ್ರ ಏರಿದರೂ ಇಳಿದರೂ ಅಷ್ಟೇ.