ಗೊರಕೆಗೆ ಒಂದು ಸ್ಟಾರ್

ಇವತ್ತು ಬೆಳಿಗ್ಗೆ ಕಾಫಿ ಲೋಟ ಕೈಗೆ ಬರುವ ಮೊದಲೇ ಸೋದರಮಾವನ ಫೋನ್ ಬಂತು. ಮೈಸೂರಿನ ಅಗ್ರಹಾರದಲ್ಲಿರುವ ಅವರ ಗ್ರಂಧಿಗೆ ಅಂಗಡಿಗೆ ಗೂಗಲ್ ಮ್ಯಾಪ್‌ನಲ್ಲಿ ಯಾರೋ ಒಂದೇ ಒಂದು ಸ್ಟಾರ್ ಕೊಟ್ಟಿದ್ದರು. 'ಎರಡೂವರೆಗೆ ಹೋದೆ. ಮ್ಯಾಪ್‌ನಲ್ಲಿ ತೆರೆದಿದೆ ಅಂತಿತ್ತು. ಬಾಗಿಲು ಹಾಕಿತ್ತು. ಒಳಗಿಂದ ಗೊರಕೆ ಕೇಳಿಸಿತು.'

ತಪ್ಪು ನನ್ನದೇ. ಪ್ರೊಫೈಲ್ ಮಾಡಿಕೊಟ್ಟವನು ನಾನು. ಅಂಗಡಿ ನಮ್ಮದೇ ಅಂತ ಗೂಗಲ್‌ಗೆ ತೋರಿಸೋಕೆ ಬೀದಿ, ಬೋರ್ಡು, ಮಾವ ಬೀಗ ತೆಗೆದು ಒಳಗೆ ಹೋಗುವುದು, ಎಲ್ಲ ಒಂದೇ ವಿಡಿಯೊದಲ್ಲಿ ಬರಲಿ ಅಂತ ಮೂರು ಸಲ ಬೀಗ ಹಾಕಿಸಿ ತೆಗೆಸಿದ್ದೆ. ವೆರಿಫೈ ಆದ ಖುಷಿಯಲ್ಲಿ ಸಮಯ ಮಾತ್ರ ಸುಮ್ನೆ 9ರಿಂದ 9 ಅಂತ ತುಂಬಿಬಿಟ್ಟೆ. ಮಧ್ಯಾಹ್ನ ಒಂದೂವರೆಯಿಂದ ಮಾವ ಮಲಗುತ್ತಾರೆ ಅನ್ನುವುದು ಇಡೀ ಬೀದಿಗೆ ಗೊತ್ತು. ಮ್ಯಾಪ್‌ಗೆ ಗೊತ್ತಿಲ್ಲ.

"ಅದನ್ನ ಅಳಿಸಿ ಹಾಕೋ" ಅಂದರು. ನಮಗೆ ಅಳಿಸೋಕೆ ಬರಲ್ಲ ಮಾವ, ಬೈಗುಳ, ಜಾಹೀರಾತು, ಸುಳ್ಳು ರಿವ್ಯೂ ಇಂಥದ್ದಾದರೆ ದೂರು ಕೊಡಬಹುದು ಅಂದೆ.

"ಇದು ಸುಳ್ಳೇ. ನಾನು ಗೊರಕೆ ಹೊಡೆಯಲ್ಲ."

ಸಾಂಬ್ರಾಣಿ ಡಬ್ಬಗಳನ್ನು ನಡುಗಿಸುವ ಗೊರಕೆ ಅದು. ಹಾಗಂತ ಹೇಳಲಿಲ್ಲ. ಉತ್ತರ ಬರೆಯೋಣ, ನೀವೇ ಹೇಳಿ ಅಂದೆ. ಶುರುವಾಯಿತು.

"ಗೊರಕೆ ನಂದಲ್ಲ, ಕೆಲಸದ ಹುಡುಗಂದು ಅಂತ ಹಾಕು." ಹುಡುಗ ಬಿಟ್ಟು ಹೋಗಿ ವರ್ಷವಾಯಿತಲ್ಲ ಅಂದೆ. "ಹಾಗಾದರೆ ಗ್ರೈಂಡರ್ ಸದ್ದು ಅಂತ ಹಾಕು." ಕೊನೆಗೆ, "ನೀನು ಮಧ್ಯಾಹ್ನ ಮಲಗಲ್ವಾ ಅಂತ ಕೇಳು ಅವನನ್ನ!"

ಆ ಉತ್ತರವನ್ನು ಅವನೊಬ್ಬನೇ ಓದುವುದಿಲ್ಲ, ನಾಳೆ ಅಂಗಡಿ ಹುಡುಕುವವರೆಲ್ಲ ಓದುತ್ತಾರೆ ಅಂತ ಒಪ್ಪಿಸುವಷ್ಟರಲ್ಲಿ ಕಾಫಿ ಆರಿತ್ತು. ಕಡೆಗೆ ಬರೆದದ್ದು ಇಷ್ಟು: 'ಸಮಯ ತಪ್ಪಾಗಿ ಹಾಕಿದ್ದೆವು, ಕ್ಷಮಿಸಿ. ಈಗ ಸರಿಪಡಿಸಿದ್ದೇವೆ. ದಯವಿಟ್ಟು ಇನ್ನೊಮ್ಮೆ ಬನ್ನಿ.' ಗೊರಕೆಯ ಸುದ್ದಿ ಎತ್ತಲಿಲ್ಲ.

ಸರಿಪಡಿಸುವುದು ಎರಡು ನಿಮಿಷದ ಕೆಲಸ. ಒಂದೇ ದಿನಕ್ಕೆ ಸಮಯದ ಇನ್ನೊಂದು ಸಾಲು ಸೇರಿಸಬಹುದು: 9ರಿಂದ 1.30, ಆಮೇಲೆ 4.30ರಿಂದ 9. ಆಯುಧಪೂಜೆಯಂಥ ದಿನಕ್ಕೆ ಆ ತಾರೀಖಿಗಷ್ಟೇ ಬೇರೆ ಸಮಯ ಹಾಕಬಹುದು, ವಾರದ ಲೆಕ್ಕ ಕೆಡುವುದಿಲ್ಲ. ಮೊದಲೇ ನೋಡಬಾರದಿತ್ತಾ ನಾನು?

ಫೋಟೊ ಕಳಿಸಿ ಅಂದಾಗ ಮಾವ ಹಳೆಯದೊಂದು ಕಳಿಸಿದರು. ಗಲ್ಲಾದಲ್ಲಿ ಅತ್ತೆ ಕೂತಿದ್ದಾರೆ, ಪಕ್ಕದಲ್ಲಿ ಅರಿಶಿನ ಕೊಂಬಿನ ಚೀಲ. ಆಗೆಲ್ಲ ಅಂಗಡಿ ಮಧ್ಯಾಹ್ನ ಮುಚ್ಚುತ್ತಲೇ ಇರಲಿಲ್ಲ. ಮಾವ ಮಲಗುವ ಹೊತ್ತಿಗೆ ಅತ್ತೆ ಬಂದು ಕೂರುತ್ತಿದ್ದರು. ಅಂಗಡಿ ಈಗ ಹೇಗಿದೆಯೋ ಹಾಗೇ ಫೋಟೊ ಇರಬೇಕು ಮಾವ, ಅಂತ ಹೇಳಬೇಕಿತ್ತು. ಬಾಯಿ ಬರಲಿಲ್ಲ. ಹಾಕಿಬಿಟ್ಟೆ.

ಸ್ವಲ್ಪ ಹೊತ್ತಿಗೆ ಮತ್ತೆ ಫೋನ್.

"ಲೋ, ನಾಲ್ಕೂವರೆ ಬೇಡ, ಐದು ಮಾಡು. ಎದ್ದು ಮುಖ ತೊಳೆದು ಕಾಫಿ ಕುಡಿಯೋದು ಬೇಡ್ವಾ?"