ಕಾಫಿಗೆ ರವೆ ಬಿದ್ದರೂ ಖೆಜೆಲಿಖ್

ಡಚ್ ಭಾಷೆಯ ಪಾಠದಲ್ಲಿ ಈ ಪದ ಬಂದಾಗ ಮೇಷ್ಟ್ರು ಅರ್ಥ ಹೇಳಲೇ ಇಲ್ಲ. ‘ಸ್ವಲ್ಪ ದಿನ ಇಲ್ಲೇ ಇರಿ, ಗೊತ್ತಾಗುತ್ತೆ’ ಅಂದರು. ಪದ ಖೆಜೆಲಿಖ್. ಬರೆಯುವಾಗ ಹಿಂದೊಂದು ಮುಂದೊಂದು ‘ಜಿ’ ಇದೆ. ಹೇಳುವಾಗ ಎರಡನ್ನೂ ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳು ತೆಗೆಯೋ ಹಾಗೆ ಕೆರೆದು ಹೇಳಬೇಕು. ಇಷ್ಟು ಒರಟಾದ ಸದ್ದಿನಲ್ಲಿ ಇವರು ಹೇಳುವುದು ಮಾತ್ರ ತೀರಾ ಮೆತ್ತನೆಯ ಸಂಗತಿ.

ನಿಘಂಟು ನೋಡಿದರೆ ಆಪ್ತ, ಬೆಚ್ಚಗಿನ, ಹಿತವಾದ ಅಂತೆಲ್ಲ ಸಿಗುತ್ತೆ. ಅದನ್ನು ನಂಬಿ ಬಿಸಿ ರಗ್ಗು ಹೊದ್ದು ಒಬ್ಬರೇ ಮಲಗಿ ‘ಆಹಾ, ಖೆಜೆಲಿಖ್’ ಅಂದರೆ ಡಚ್ಚರು ಸ್ವಲ್ಪ ಅನುಮಾನದಿಂದ ನೋಡುತ್ತಾರೆ. ‘ಖೆಜೆಲ್’ ಅಂದರೆ ಜೊತೆಗಾರ. ಇನ್ನೂ ಹಿಂದಕ್ಕೆ ಹೋದರೆ, ಒಂದೇ ಹಾಲ್‌ನಲ್ಲಿ ನಿಮ್ಮ ಜೊತೆ ಇರುವವನು. ಮನೆ, ಊರು, ಸಂಜೆ, ಮನುಷ್ಯ ಯಾವುದಕ್ಕೆ ಬೇಕಾದರೂ ಈ ಪದ ಹಚ್ಚಬಹುದು, ಆದರೆ ಎಲ್ಲೋ ಒಂದು ಕಡೆ ಇನ್ನೊಬ್ಬರ ವಾಸನೆ ಇರಲೇಬೇಕು. ಸಂತೆಯಲ್ಲಿ ಕಾಲಿಡಲು ಜಾಗ ಇಲ್ಲದಿದ್ದರೂ ‘ಖೆಜೆಲಿಖ್ ಗದ್ದಲ’ ಅಂತಾರೆ. ನಮ್ಮ ಮಂಗಳೂರಿನವರ ‘ಗಮ್ಮತ್ತು’ ಹತ್ತಿರ ಬರುತ್ತೆ. ಆದರೆ ಗಮ್ಮತ್ತಿಗೆ ಸ್ವಲ್ಪ ಸದ್ದು ಬೇಕು, ಊಟ ಬೇಕು. ಇದಕ್ಕೆ ಊಟದ ಹಂಗೇ ಇಲ್ಲ. ಈ ಕೊನೆಯ ಮಾತು ನೆನಪಿರಲಿ, ಮುಂದೆ ಹೊಟ್ಟೆಗೆ ಸಂಬಂಧಿಸಿದ ವಿಷಯ ಬರುತ್ತೆ.

ನೆದರ್‌ಲ್ಯಾಂಡ್ಸ್‌ನ ಆಮ್‌ಸ್ಟೆಲ್‌ವೀನ್‌ನಲ್ಲಿ ನಾವು ಬಾಡಿಗೆಗೆ ಹಿಡಿದ ಮನೆಯ ಸೀಲಿಂಗ್‌ನಲ್ಲಿ ಬರೀ ವೈರ್ ನೇತಾಡುತ್ತಿತ್ತು. ಇಲ್ಲಿ ಹಾಗೇ, ಹಿಂದಿನವರು ಬಲ್ಬೂ ಬಿಚ್ಚಿಕೊಂಡು ಹೋಗಿರುತ್ತಾರೆ. ನಾವು ಊರಿನ ಅಭ್ಯಾಸದಂತೆ ಹಾಲ್‌ಗೆ ಉದ್ದನೆಯ ಬಿಳೀ ಟ್ಯೂಬ್‌ಲೈಟ್ ಹಾಕಿಸಿದೆವು. ಪಕ್ಕದ ಮನೆಯಾಕೆ ಬಂದು ಬಾಗಿಲಲ್ಲೇ ಕಣ್ಣು ಕಿರಿದು ಮಾಡಿ ನಿಂತರು. ಇಲ್ಲಿ ನೆರೆಮನೆಯ ಹೆಂಗಸನ್ನು ಹೆಸರು ಹಿಡಿಯದೆ ‘ಬ್ಯೂರ್‌ಫ್ರೌ’ ಅಂತಲೇ ಕರೆಯಬಹುದು, ನಮ್ಮ ‘ಪಕ್ಕದ್ಮನೆಯವರೇ’ ಇದ್ದ ಹಾಗೆ. ಬ್ಯೂರ್‌ಫ್ರೌ ಕೇಳಿದರು, ‘ಇವತ್ತು ಇಲ್ಲಿ ಯಾರಿಗೆ ಆಪರೇಷನ್?’

ಇವರ ಮನೆಗಳಲ್ಲಿ ಸಂಜೆ ತಲೆಯ ಮೇಲಿನ ದೀಪ ಹಚ್ಚುವುದೇ ಕಡಿಮೆ. ಮೂಲೆಗೊಂದು, ಕಿಟಕಿ ಕಟ್ಟೆಗೊಂದು ಹಳದಿ ದೀಪ, ಮೇಜಿನ ಮೇಲೆ ಗಾಜಿನ ಬಟ್ಟಲಲ್ಲಿ ಪುಟ್ಟ ಮೇಣದ ದೀಪ. ಮುಖ ಕಂಡರೆ ಸಾಕು, ಮುಖದ ಮೊಡವೆ ಕಾಣಬೇಕಿಲ್ಲ. ಬಿಳೀ ಟ್ಯೂಬ್‌ಲೈಟ್ ಇವರ ಪ್ರಕಾರ ‘ಒನ್‌ಖೆಜೆಲಿಖ್’, ಅಂದರೆ ಖೆಜೆಲಿಖ್‌ನ ಶತ್ರು. ನಾನು ಹಳದಿ ದೀಪ ತಂದೆ. ಹೆಂಡತಿ ಒಪ್ಪಲಿಲ್ಲ. ‘ರೀ, ಈ ಕತ್ತಲಲ್ಲಿ ಮೆಂತ್ಯ ಸೊಪ್ಪು ಬಿಡಿಸೋದು ಹೇಗೆ? ಹುಳ ಯಾವುದು ಎಲೆ ಯಾವುದು?’ ಕೊನೆಗೆ ಒಪ್ಪಂದವಾಯಿತು. ಸೊಪ್ಪಿಗೆ ಟ್ಯೂಬ್‌ಲೈಟ್, ಬೆಲ್ ಆದರೆ ಹಳದಿ ದೀಪ.

ಮುಂದಿನ ಸಲ ಬೆಲ್ ಆಯಿತು. ದೀಪ ಬದಲಾಯಿತು. ಆ ಮಬ್ಬಿನಲ್ಲಿ ಕಾಫಿಗೆ ಬಿದ್ದದ್ದು ಸಕ್ಕರೆ ಅಲ್ಲ, ಚಿರೋಟಿ ರವೆ. ಬ್ಯೂರ್‌ಫ್ರೌ ಒಂದು ಗುಟುಕು ಕುಡಿದು ಸ್ವಲ್ಪ ಹೊತ್ತು ಅಗಿದರು. ಕಾಫಿ ಅಗಿಯುವುದನ್ನು ನಾನು ಅದೇ ಮೊದಲು ನೋಡಿದ್ದು. ಹೊರಡುವಾಗ ಅವರು ಮನಸಾರೆ ಹೇಳಿದರು, ‘ತುಂಬಾ ಖೆಜೆಲಿಖ್ ಆಗಿತ್ತು!’

ಹೆಂಡತಿ ಇದು ಸುಮ್ನೆ ಮರ್ಯಾದೆಗೆ ಹೇಳಿದ್ದು ಅಂದುಕೊಂಡಳು. ಅಲ್ಲ. ರುಚಿಗೆ ಇವರ ಹತ್ತಿರ ಬೇರೆ ಪದ ಇದೆ, ‘ಲೆಕ್ಕರ್’. ಕಾಫಿ ಚೆನ್ನಾಗಿದ್ದರೆ ಲೆಕ್ಕರ್, ಕೇಕ್ ಚೆನ್ನಾಗಿದ್ದರೆ ಲೆಕ್ಕರ್. ಆ ಸಂಜೆ ಅವರ ಬಾಯಿಂದ ಲೆಕ್ಕರ್ ಒಮ್ಮೆಯೂ ಬರಲಿಲ್ಲ. ಕಾಫಿಯ ಬಗ್ಗೆ ಸುಳ್ಳು ಹೇಳಲಿಲ್ಲ, ಸಂಜೆಯ ಬಗ್ಗೆ ನಿಜ ಹೇಳಿದರು. ಕಾಫಿ ಕೆಟ್ಟರೂ ಖೆಜೆಲಿಖ್ ಕೆಡುವುದಿಲ್ಲ ಅಂತ ನನಗೆ ತಿಳಿದದ್ದು ಆಗ.

ಇದರ ದೊಡ್ಡ ಪರೀಕ್ಷೆ ಹುಟ್ಟುಹಬ್ಬ. ಬ್ಯೂರ್‌ಫ್ರೌ ಮಧ್ಯಾಹ್ನ ಎರಡು ಗಂಟೆಗೆ ಕರೆದರು. ಎರಡಕ್ಕೆ ಕರೆದರೆ ಊಟ ಇರುತ್ತೆ ಅಂತ ಯಾವ ಕನ್ನಡಿಗನಾದರೂ ತಿಳಿಯುತ್ತಾನೆ, ಅಲ್ವಾ? ಹಸಿದುಕೊಂಡೇ ಹೋದೆವು. ಹಾಲ್‌ನಲ್ಲಿ ಕುರ್ಚಿಗಳನ್ನು ಗೋಡೆಗುಂಟ ದುಂಡಗೆ ಹಾಕಿದ್ದರು. ಊಟದ ಮೇಜಿನ ಕುರ್ಚಿ, ಮಡಿಸುವ ಕುರ್ಚಿ, ತೋಟದ ಪ್ಲಾಸ್ಟಿಕ್ ಕುರ್ಚಿ ಎಲ್ಲ ಬಂದಿದ್ದವು. ಇದಕ್ಕೆ ಇವರು ‘ಕ್ರಿಂಗ್’ ಅನ್ನುತ್ತಾರೆ, ಅಂದರೆ ವೃತ್ತ. ಹೊಸದಾಗಿ ಬಂದವರು ಒಂದು ತುದಿಯಿಂದ ಶುರು ಮಾಡಿ ಪ್ರತಿಯೊಬ್ಬರ ಕೈ ಕುಲುಕಿ ಹೆಸರು ಹೇಳಿ ಅಭಿನಂದಿಸಬೇಕು. ಹುಟ್ಟುಹಬ್ಬ ಯಾರದ್ದೋ ಅವರೊಬ್ಬರನ್ನೇ ಅಲ್ಲ, ಎಲ್ಲರನ್ನೂ. ‘ನಿಮ್ಮ ಅಮ್ಮನಿಗಾಗಿ ಅಭಿನಂದನೆ’, ‘ನಿಮ್ಮ ತಂಗಿಗಾಗಿ ಅಭಿನಂದನೆ’. ಒಬ್ಬ ಅಜ್ಜ ಎದ್ದು ನಿಂತು ‘ನಿಮ್ಮ ನೆರೆಯವರಿಗಾಗಿ ಅಭಿನಂದನೆ’ ಅಂತ ನನ್ನ ಕೈ ಕುಲುಕಿದರು. ಅವರು ಹುಟ್ಟಿದ್ದರಲ್ಲಿ ನನ್ನ ಪಾತ್ರ ಏನೂ ಇಲ್ಲ, ಆದರೂ ಥ್ಯಾಂಕ್ಸ್ ಹೇಳಿದೆ.

ಆಮೇಲೆ ಕಾಫಿ, ಒಂದು ತುಂಡು ಕೇಕ್. ಒಂದೇ ತುಂಡು. ‘ಇನ್ನೊಂದ್ಚೂರು ಹಾಕಿಸ್ಕೊಳ್ಳಿ’ ಅನ್ನುವ ದನಿ ಕೇಳಲು ಕಿವಿ ನೆಟ್ಟಗೆ ಮಾಡಿ ಕುಳಿತೆವು. ಬರಲಿಲ್ಲ. ಬಹಳ ಹೊತ್ತಿನ ಮೇಲೆ ತಟ್ಟೆಯಲ್ಲಿ ಚೀಸ್ ತುಂಡು ಬಂತು, ಪಕ್ಕದಲ್ಲಿ ಸಾಸಿವೆ ಗೊಜ್ಜು. ತಟ್ಟೆ ವೃತ್ತದಲ್ಲಿ ಸುತ್ತುತ್ತೆ, ಒಬ್ಬರು ಒಂದು ತೆಗೆದು ಮುಂದಕ್ಕೆ ದಾಟಿಸಬೇಕು. ಹೆಂಡತಿ ಎರಡು ತೆಗೆದಳು. ವೃತ್ತದ ಒಂದು ದೊಡ್ಡ ತೊಂದರೆ ಅಂದರೆ ಅಲ್ಲಿ ಎಲ್ಲರಿಗೂ ಎಲ್ಲರೂ ಕಾಣುತ್ತಾರೆ.

ಮಾತು ಮಾತ್ರ ನಿಲ್ಲಲಿಲ್ಲ. ಮಳೆ, ಮೊಣಕಾಲು ನೋವು, ಯಾರದೋ ಹೊಸ ಸೈಕಲ್, ರಸ್ತೆಯ ಅಗೆತ. ಯಾರೂ ಏನೂ ಮಹತ್ವದ್ದು ಹೇಳಲಿಲ್ಲ, ಯಾರೂ ಮೊಬೈಲ್ ತೆಗೆಯಲಿಲ್ಲ. ಐದು ನಿಮಿಷಕ್ಕೊಮ್ಮೆ ಯಾರಾದರೂ ಉಸಿರು ಬಿಟ್ಟು ‘ಖೆಜೆಲಿಖ್, ಹೇ?’ ಅನ್ನುವುದು, ಉಳಿದವರು ತಲೆಯಾಡಿಸುವುದು. ಪೂಜೆಯ ನಡುವೆ ಗಂಟೆ ಬಾರಿಸುವಷ್ಟೇ ನಿಯಮ ಇದಕ್ಕೂ ಇದೆ.

ಹೊಟ್ಟೆ ತಾಳಲಾರದೆ ನಾನು ನಾಲ್ಕಕ್ಕೇ ಎದ್ದೆ. ‘ಈಗ್ಲೇನಾ? ಒನ್‌ಖೆಜೆಲಿಖ್!’ ಅಂತ ವೃತ್ತದಿಂದ ದನಿ ಬಂತು. ಇಲ್ಲಿ ಇದು ಸಣ್ಣ ಬೈಗುಳವಲ್ಲ. ಬೇಗ ಏಳುವವನು, ಕುಡಿಯಲು ಏನು ಕೊಟ್ಟರೂ ಬೇಡ ಅನ್ನುವವನು, ಮೂಲೆಯಲ್ಲಿ ಮೊಬೈಲ್ ತೀಡುವವನು, ಎಲ್ಲರಿಗೂ ಇದೇ ಬಿರುದು. ಮತ್ತೆ ಕುಳಿತೆ. ಅಜ್ಜ ಸಮಾಧಾನಕ್ಕೆ ಗಾದೆ ಹೇಳಿದರು, ‘ಖೆಜೆಲಿಖ್‌ಹೈಟ್ ಕೆಂಟ್ ಖೇನ್ ತೈಟ್’. ಆಪ್ತ ಕೂಟಕ್ಕೆ ಹೊತ್ತಿನ ಪರಿವೆ ಇಲ್ಲ ಅಂತ. ಕೇಳಲು ಚೆಂದ. ಆದರೆ ಐದೂವರೆ ಆಗುತ್ತಲೇ ಪೂರಾ ವೃತ್ತ ಎದ್ದು ಕೋಟು ಹಾಕಿಕೊಂಡಿತು. ಆರಕ್ಕೆ ಅವರವರ ಮನೆಯಲ್ಲಿ ಊಟ! ಗಾದೆ ಹೇಳಿದ ಅಜ್ಜನೇ ಎಲ್ಲರಿಗಿಂತ ಮುಂದೆ ಬಾಗಿಲು ದಾಟಿದ್ದರು.

ಇದೇ ಪದವನ್ನು ತಿರುಗಿಸಿಯೂ ಹೊಡೆಯುತ್ತಾರೆ. ಮರುದಿನ ಜಡಿಮಳೆಯಲ್ಲಿ ನನ್ನ ಸೈಕಲ್‌ನ ಚೈನು ಕಳಚಿ, ಗ್ರೀಸು ಕೈಗೆಲ್ಲ ಮೆತ್ತಿ, ಎದುರುಗಾಳಿಗೆ ಛತ್ರಿ ಮೇಲ್ಮುಖವಾಗಿ ನಿಂತಾಗ ದಾರಿಹೋಕರೊಬ್ಬರು ನಿಧಾನ ಮಾಡಿ ‘ಖೆಜೆಲಿಖ್!’ ಅಂದು ಪೆಡಲ್ ತುಳಿದರು. ಅರ್ಥ ಬಿಡಿಸಿ ಹೇಳಬೇಕಿಲ್ಲ.

ಹುಟ್ಟುಹಬ್ಬದ ದಿನ ಬ್ಯೂರ್‌ಫ್ರೌ ಮನೆಯ ಟಾಯ್ಲೆಟ್ಟಿಗೆ ಹೋದಾಗ ಇನ್ನೊಂದು ನೋಡಿದ್ದೆ. ಗೋಡೆಗೆ ಹುಟ್ಟುಹಬ್ಬದ ಕ್ಯಾಲೆಂಡರ್ ತೂಗುಹಾಕಿದ್ದರು. ಇಲ್ಲಿ ತುಂಬಾ ಮನೆಗಳಲ್ಲಿ ಅದರ ಜಾಗ ಅದೇ. ಅದರಲ್ಲಿ ವರ್ಷವೂ ಇಲ್ಲ, ವಾರವೂ ಇಲ್ಲ, ಬರೀ ತಾರೀಕು, ಹಾಗಾಗಿ ಒಮ್ಮೆ ಬರೆದ ಹೆಸರು ವರ್ಷ ವರ್ಷವೂ ಹಾಗೇ ಇರುತ್ತೆ. ಮುಂದಿನ ತಿಂಗಳ ಹಾಳೆ ಎತ್ತಿ ನೋಡಿದರೆ ನನ್ನ ಹೆಂಡತಿಯ ಹೆಸರು, ಸ್ಪೆಲಿಂಗ್ ಸಮೇತ ಸರಿಯಾಗಿ. ಈಗ ವೃತ್ತ ನಮ್ಮ ಮನೆಯಲ್ಲಿ ಆಗಬೇಕು. ಕುರ್ಚಿ ತಾವೇ ತರುತ್ತೇವೆ ಅಂದಿದ್ದಾರೆ. ಹೆಂಡತಿ ಮಾತ್ರ ಬಿಸಿಬೇಳೆಬಾತ್ ಮಾಡದೆ ಯಾರನ್ನೂ ಕಳಿಸೋದಿಲ್ಲ ಅಂತ ಹಟ ಹಿಡಿದಿದ್ದಾಳೆ. ಐದೂವರೆಗೆ ಕೋಟಿಗೆ ಕೈ ಹಾಕುವ ಅಜ್ಜನ ಮುಂದೆ ಬಾಳೆಎಲೆ ಹಾಕುವ ಯೋಜನೆ ಇದೆ. ಎಲೆಗೆ ಸೂರಿನಾಮ್ ದೇಶದವರ ಅಂಗಡಿಯಲ್ಲಿ ಹೇಳಿಟ್ಟಾಗಿದೆ.