ಸೀಲಿಂಗಿನ ಹಗಲು ಸದ್ದು

ತಲೆಯ ಮೇಲೆ ಏನೋ ಓಡಾಡಿದ ಸದ್ದಾದರೆ ಮೊದಲು ಗಡಿಯಾರ ನೋಡಬೇಕು. ರಾತ್ರಿ ಹನ್ನೊಂದಾಗಿದ್ದರೆ ಇಲಿ ಇರಬಹುದು. ಬೆಳಗಿನ ಆರೂವರೆಯೋ ಸಂಜೆ ಐದೋ ಆಗಿದ್ದರೆ ಹೆಚ್ಚುಪಾಲು ಅಳಿಲೇ. ಅದು ನಮ್ಮ ಹಾಗೆ ಹಗಲು ದುಡಿದು ರಾತ್ರಿ ಮಲಗುವ ಜೀವಿ. ವಿಚಿತ್ರವೆಂದರೆ, ಇಲಿ ಎಂದು ಗೊತ್ತಾದರೆ ಅವತ್ತೇ ಬೋನು ಹುಡುಕುವ ಮನೆಯವರು ಅಳಿಲು ಎಂದು ಗೊತ್ತಾದ ತಕ್ಷಣ "ಪಾಪ, ಇರಲಿ ಬಿಡಿ" ಎಂದುಬಿಡುತ್ತಾರೆ. ಎಲ್ಲ ಬಾಲದ ಮಹಿಮೆ! ಆ ಪೊದೆ ಬಾಲವೊಂದು ಇಲ್ಲದಿದ್ದರೆ ಅಳಿಲಿಗೂ ಬೋನೇ ಗತಿಯಾಗುತ್ತಿತ್ತು.

ಬಾಲ ಬೇರೆಯಾದರೂ ಹಲ್ಲು ಒಂದೇ ಜಾತಿಯದು. ಅಳಿಲಿನ ಮುಂದಿನ ನಾಲ್ಕು ಬಾಚಿಹಲ್ಲುಗಳು ಸಾಯುವವರೆಗೂ ಬೆಳೆಯುತ್ತಲೇ ಇರುತ್ತವೆ, ವರ್ಷಕ್ಕೆ ಸುಮಾರು 15 ಸೆಂಟಿಮೀಟರ್‌ನಷ್ಟು. ಮುಂಭಾಗದಲ್ಲಿ ಗಟ್ಟಿ ಎನಾಮಲ್, ಹಿಂಭಾಗದಲ್ಲಿ ಅದಕ್ಕಿಂತ ಮೆದುವಾದ ಪದರ. ಕಡಿದಷ್ಟೂ ಹಿಂದಿನದು ಬೇಗ ಸವೆದು ಮುಂದಿನ ಅಂಚು ತಾನಾಗಿಯೇ ಹರಿತವಾಗುತ್ತದೆ. ಕಡಿಯದೆ ಕೂತರೆ ಹಲ್ಲು ಉದ್ದವಾಗಿ ಬಾಯಿ ಮುಚ್ಚಲಾಗದೆ ಉಪವಾಸ ಬೀಳಬೇಕಾದೀತು. ಹಾಗಾಗಿ ಕೊಂಬೆ, ಕಾಯಿಯ ಸಿಪ್ಪೆ, ಮರದ ತೊಲೆ, ಏನು ಸಿಕ್ಕರೂ ಸರಿ. ಸೀಲಿಂಗಿನ ಮೇಲೆ ಸಿಗುವುದು ವೈರು. ಕೊಂಬೆಯ ಹಾಗೆಯೇ ದುಂಡಗೆ ಹಲ್ಲಿಗೆ ಹೊಂದುತ್ತದೆ, ಮೇಲಿನ ಪಿವಿಸಿ ಹೊದಿಕೆಯೂ ಮೆತ್ತಗೆ.

ವೈರು ಕಡಿದರೆ ದೀಪ ಆರುತ್ತದೆ, ಆಗ ರಿಪೇರಿ ಮಾಡಿಸಿದರಾಯಿತು ಎಂದು ನಾವು ಅಂದುಕೊಳ್ಳುತ್ತೇವೆ. ಪೂರ್ತಿ ಕಡಿದ ವೈರು ಸಜ್ಜನ. ತೊಂದರೆಯನ್ನು ತಾನೇ ಒಪ್ಪಿಕೊಳ್ಳುತ್ತದೆ. ಹೆದರಬೇಕಾದದ್ದು ಅರ್ಧ ಕಡಿದ ವೈರಿಗೆ.

ಪರಿಚಯದವರೊಬ್ಬರ ಮನೆಯಲ್ಲಿ ಗೀಸರ್ ಹಾಕಿದಾಗಲೆಲ್ಲ ಅದರ ಪುಟ್ಟ ಕೆಂಪು ದೀಪ ಮಿಣುಕುತ್ತಿತ್ತು. ಕೆಲವು ಸಲ ಮೇಲಿನಿಂದ ಚಿರ್ ಎಂಬ ಸದ್ದು, ಪ್ಲಾಸ್ಟಿಕ್ ಸುಟ್ಟ ಸಣ್ಣ ವಾಸನೆ. ಗೀಸರ್ ಹಳೆಯದಾಯಿತೆಂದು ಅದರ ಕಾಯಿಲ್ ಬದಲಾಯಿಸಿದರು. ಮಿಣುಕು ನಿಲ್ಲಲಿಲ್ಲ. ಕೊನೆಗೆ ಎಲೆಕ್ಟ್ರಿಷಿಯನ್ ಮೇನ್ ಆಫ್ ಮಾಡಿ ಸೀಲಿಂಗಿನ ಒಂದು ಹಲಗೆ ಬಿಚ್ಚಿ ಟಾರ್ಚ್ ಹಿಡಿದರೆ ನಾರು, ಒಣಹುಲ್ಲು, ಹತ್ತಿ, ಯಾವುದೋ ಅಂಗಿಯ ಚಿಂದಿ ಸೇರಿಸಿ ಮಾಡಿದ ಗೂಡು. ಅದರ ಮಗ್ಗುಲಲ್ಲೇ ಗೀಸರ್ ವೈರು, ನಾಲ್ಕು ಬೆರಳಿನಷ್ಟು ಉದ್ದಕ್ಕೆ ಹೊದಿಕೆ ಹೋಗಿ ತಾಮ್ರ ಬತ್ತಲೆಯಾಗಿತ್ತು. ಎಳೆಗಳು ಬಹುಪಾಲು ಕತ್ತರಿಸಿಹೋಗಿದ್ದವು. ಕತ್ತರಿಸಿದ ತುದಿಗಳಲ್ಲಿ ತಾಮ್ರ ಕರಗಿ ಪುಟ್ಟ ಮಣಿ ಕಟ್ಟಿತ್ತು. ಅಳಿಲಿನ ಹಲ್ಲು ಮಣಿ ಕಟ್ಟುವುದಿಲ್ಲ. ಅದು ಕಿಡಿ ಹಾರಿದ ಗುರುತು.

"ಎಂಸಿಬಿ ಇದೆಯಲ್ಲಪ್ಪ, ಅದ್ಯಾಕೆ ಬೀಳಲಿಲ್ಲ?" ಎಂದು ಮನೆಯವರು ಕೇಳಿದರು.

"ಅದಕ್ಕೇನ್ ಗೊತ್ತಾಗುತ್ತೆ ಸಾರ್? ಕರೆಂಟ್ ಜಾಸ್ತಿ ಹರಿದ್ರೆ ತಾನೇ ಅದು ಬೀಳೋದು?"

ಆತ ಹೇಳಿದ್ದು ಸರಿ. 2000 ವ್ಯಾಟ್‌ನ ಗೀಸರ್ 230 ವೋಲ್ಟ್‌ನಲ್ಲಿ ಎಳೆಯುವುದು ಸುಮಾರು 9 ಆಂಪಿಯರ್. ಆ ಲೈನಿನ ಎಂಸಿಬಿ 16 ಆಂಪಿಯರ್‌ನದು. ಫೇಸೂ ನ್ಯೂಟ್ರಲ್ಲೂ ಒಂದಕ್ಕೊಂದು ತಗುಲಿ ಶಾರ್ಟ್ ಆಗಿದ್ದರೆ ನೂರಾರು ಆಂಪಿಯರ್ ನುಗ್ಗಿ ಎಂಸಿಬಿ ತಕ್ಷಣ ಬೀಳುತ್ತಿತ್ತು. ಇಲ್ಲಿ ಆದದ್ದು ಬೇರೆ. ಒಂದೇ ವೈರಿನ ಎಳೆಗಳು ಒಂದೊಂದಾಗಿ ಹೋಗಿ, ಉಳಿದ ಒಂದೆರಡು ಎಳೆ ಪೂರಾ ಭಾರ ಹೊತ್ತು ಕಾದು ಕರಗಿ, ನಡುವೆ ಕೂದಲೆಳೆಯಷ್ಟು ಸಂದಾಯಿತು. ವಿದ್ಯುತ್ ಆ ಸಂದನ್ನು ಕಿಡಿಯಾಗಿ ದಾಟುತ್ತಿತ್ತು. ಹರಿಯುವುದು ಅದೇ 9 ಆಂಪಿಯರ್, ಅಥವಾ ಇನ್ನೂ ಸ್ವಲ್ಪ ಕಡಿಮೆ. ಎಂಸಿಬಿಯ ಲೆಕ್ಕದಲ್ಲಿ ಎಲ್ಲವೂ ಸುಸೂತ್ರ. ಆದರೆ ಆ ಕಿಡಿಯ ಜಾಗದಲ್ಲಿ 20 ವೋಲ್ಟ್ ಕಳೆದರೂ 180 ವ್ಯಾಟ್ ಶಾಖ. ತವರ ಕರಗಿಸಿ ಬೆಸುಗೆ ಹಾಕುವ ಸಾಮಾನ್ಯ ಸೋಲ್ಡರಿಂಗ್ ಐರನ್‌ಗೆ 25ರಿಂದ 60 ವ್ಯಾಟ್ ಸಾಕು. ಅದರ ಹಲವು ಪಟ್ಟು ಶಾಖ, ಒಣಹುಲ್ಲಿನ ಪಕ್ಕದಲ್ಲಿ! ಮೇಲಾಗಿ ಸುಟ್ಟ ಪಿವಿಸಿ ಇದ್ದಿಲಾಗುತ್ತದೆ, ಇದ್ದಿಲು ವಿದ್ಯುತ್ತನ್ನು ಹಾಯಿಸುತ್ತದೆ. ಹಾಗಾಗಿ ಮುಂದಿನ ಕಿಡಿಗೆ ದಾರಿ ಇನ್ನೂ ಸಲೀಸು.

ಆರ್‌ಸಿಸಿಬಿ ಇದ್ದರೂ ಇಲ್ಲಿ ಪ್ರಯೋಜನವಿಲ್ಲ. ಹೋದ ಕರೆಂಟೂ ಬಂದ ಕರೆಂಟೂ ಸಮನಾಗಿದೆಯೇ ಎಂದಷ್ಟೇ ಅದು ನೋಡುವುದು. 30 ಮಿಲಿಆಂಪಿಯರ್ ನೆಲಕ್ಕೆ ಸೋರಿದರೆ ಬೀಳುತ್ತದೆ. ಒಣ ಹಲಗೆಯ ಮೇಲೆ ಸೋರಿಕೆ ಎಲ್ಲಿಂದ ಬರಬೇಕು? ಇಂಥ ಕಿಡಿಯನ್ನೇ ಹುಡುಕುವ ಎಎಫ್‌ಡಿಡಿ ಎಂಬ ಸಾಧನವಿದೆ, ಕರೆಂಟಿನ ಅಲೆಯಲ್ಲಿನ ಒರಟುತನದಿಂದ ಪತ್ತೆ ಮಾಡುತ್ತದೆ. ಇಲ್ಲದ ಮನೆಯಲ್ಲಿ ಆ ಮಿಣುಕು, ಚಿರ್ ಸದ್ದು, ವಾಸನೆಗಳೇ ಮುನ್ಸೂಚನೆ.

ಗೂಡು ಕಂಡ ಮೇಲೆ ಎಲ್ಲರಿಗೂ ಬರುವ ಮೊದಲ ಯೋಚನೆ, ತೂತು ಮುಚ್ಚುವುದು. ಅದು ಕೊನೆಗೆ ಮಾಡಬೇಕಾದ ಕೆಲಸ. ಒಳಗೆ ಮರಿಗಳಿದ್ದು ತಾಯಿ ಹೊರಗೆ ಉಳಿದರೆ, ಅವಳು ಇನ್ನೊಂದು ಕಡೆ ಮರ ಕೊರೆದು ಒಳಗೆ ಬರುತ್ತಾಳೆ, ಇಲ್ಲವೇ ಮರಿಗಳು ಸತ್ತು ವಾಸನೆ ವಾರಗಟ್ಟಲೆ ಕಾಡುತ್ತದೆ. ತಾಯಿಯೇ ಒಳಗೆ ಸಿಕ್ಕಿಕೊಂಡರೆ ಹೊರಬರುವ ಗಾಬರಿಯಲ್ಲಿ ಉಳಿದ ವೈರುಗಳನ್ನೂ ಕಡಿಯಬಹುದು. ಬೆನ್ನಿನ ಮೇಲೆ ಮೂರು ಪಟ್ಟೆಯ ಅಳಿಲಿನ ಮರಿ ತಾಯಿಹಾಲು ಬಿಡಲು ಸುಮಾರು 10 ವಾರ ಬೇಕು. ಗೂಡಿನಲ್ಲಿ ಕಣ್ಣು ಬಿಡದ ಮರಿ ಕಂಡರೆ ಆ ಲೈನಿನ ಎಂಸಿಬಿ ಇಳಿಸಿ ಕಾಯುವುದೇ ಸರಿ. ಪಕ್ಕದಲ್ಲಿ ಒಂದು ಎಲ್‌ಇಡಿ ದೀಪ ಹಗಲೂ ರಾತ್ರಿ ಉರಿಸಿಟ್ಟರೆ ತಾಯಿ ಬೇಸತ್ತು ಮರಿಗಳನ್ನು ಬಾಯಲ್ಲಿ ಕಚ್ಚಿ ಬೇರೆ ಗೂಡಿಗೆ ಸಾಗಿಸುವುದೂ ಉಂಟು. ನಾಫ್ತಲಿನ್ ಗುಳಿಗೆ ಮಾತ್ರ ಬೇಡ. ಗಾಳಿಯಾಡುವ ಮಾಳಿಗೆಯಲ್ಲಿ ಅಳಿಲಿಗೆ ಅದು ಲೆಕ್ಕಕ್ಕಿಲ್ಲ, ಕೆಳಗೆ ಮಲಗುವವರಿಗೆ ಅದರ ಆವಿ ಒಳ್ಳೆಯದಲ್ಲ.

ಆಮೇಲೆ ಹೊರಗಿನಿಂದ ಸೂರನ್ನು ಸುತ್ತಬೇಕು. ತೊಲೆ ಗೋಡೆಯನ್ನು ಕೂಡುವ ಸಂದು, ಪೈಪ್ ಹೊರಬರುವ ತೂತು, ಸೂರಿನ ಹಲಗೆಯ ಮೂಲೆ. ಹೊಸದಾಗಿ ಕಡಿದ ಮರ ಬೆಳ್ಳಗಿರುತ್ತದೆ, ಹಳೆಯದು ಕಪ್ಪಾಗಿರುತ್ತದೆ. ಬಳಕೆಯ ತೂತಿನ ಅಂಚಿನಲ್ಲಿ ಮೈಯ ಎಣ್ಣೆ ಉಜ್ಜಿದ ಜಿಡ್ಡು ಕಾಣುತ್ತದೆ. ಅನುಮಾನವಿದ್ದರೆ ಪತ್ರಿಕೆಯ ಹಾಳೆಯನ್ನು ಸಡಿಲವಾಗಿ ಮುದುಡಿ ತುರುಕಿ. ಒಣ ದಿನಗಳಲ್ಲಿ ಎರಡು ದಿನ ಅಲುಗಾಡದಿದ್ದರೆ ಅದು ಬಾಗಿಲಲ್ಲ.

ಮುಖ್ಯ ಬಾಗಿಲೊಂದನ್ನು ಬಿಟ್ಟು ಉಳಿದದ್ದಕ್ಕೆಲ್ಲ ಒಂದು ಸೆಂಟಿಮೀಟರ್‌ಗಿಂತ ಸಣ್ಣ ಕಣ್ಣಿನ ಸತುವಿನ ಲೇಪದ ಕಬ್ಬಿಣದ ಜಾಲರಿ, ವಾಷರ್ ಹಾಕಿ ಸ್ಕ್ರೂ ಬಿಗಿದು. ಸ್ಪ್ರೇ ಫೋಮ್ ತುಂಬಿಸಿದರೆ ಒಂದು ಬೆಳಗಿನ ಉಪಾಹಾರದ ಹೊತ್ತಿಗೆ ಕಡಿದು ಹಾಕುತ್ತದೆ. ಮುಖ್ಯ ಬಾಗಿಲಿಗೆ ಹೊರಮುಖವಾಗಿ ಮೊಣಕೈ ಉದ್ದದ ನುಣುಪು ಪೈಪ್, ಕೆಳಕ್ಕೆ ಇಳಿಜಾರಾಗಿ, ತುದಿಗೆ ಮೇಲಿನಿಂದ ತೂಗುವ ಹಗುರ ಮುಚ್ಚಳ. ಒಳಗಿನಿಂದ ತಳ್ಳಿದರೆ ತೆರೆಯುತ್ತದೆ, ಹೊರಗಿನಿಂದ ತೆರೆಯುವುದಿಲ್ಲ. ಒಂದು ವಾರ ಬಿಡಿ. ಬೆಳಗಿನ ಸದ್ದು ನಿಂತಿತು ಎನಿಸಿದ ಮೇಲೆ ಪೈಪ್ ತೆಗೆದು ಅಲ್ಲಿಯೂ ಜಾಲರಿ. ಸೂರಿಗೆ ಚಾಚಿದ ಕೊಂಬೆಯನ್ನು ಎರಡು ಮೂರು ಮೀಟರ್ ಹಿಂದಕ್ಕೆ ಕಡಿಸದಿದ್ದರೆ ಇಷ್ಟೆಲ್ಲ ಮಾಡಿಯೂ ಅರ್ಧಂಬರ್ಧ.

ಕಚ್ಚಿದ ವೈರಿಗೆ ಟೇಪ್ ಸುತ್ತುವುದು ಮೋಸ. ಒಳಗಿನ ಎಳೆಗಳು ಟೇಪಿನಿಂದ ಕೂಡಿಕೊಳ್ಳುವುದಿಲ್ಲ. ಆ ತುಂಡನ್ನೇ ಕತ್ತರಿಸಿ ಹೊಸ ವೈರನ್ನು ಲೋಹದ ಪೈಪಿನಲ್ಲಿ ಎಳೆಸಬೇಕು. ಲೈನ್ ಹಾಕುವ ಮೊದಲು ಎಲೆಕ್ಟ್ರಿಷಿಯನ್ ಉಪಕರಣಗಳನ್ನೆಲ್ಲ ಕಳಚಿ, ವೈರಿನ ಹೊದಿಕೆ ವಿದ್ಯುತ್ತನ್ನು ಎಷ್ಟು ತಡೆಯುತ್ತದೆಂದು ಅಳೆಯುವ 500 ವೋಲ್ಟ್ ಮೆಗ್ಗರ್ ಹಿಡಿಯಲಿ. 1 ಮೆಗಾಓಮ್‌ಗಿಂತ ಕಡಿಮೆ ತೋರಿಸಿದರೆ ಇನ್ನೊಂದು ಕಚ್ಚಿದ ಜಾಗ ಎಲ್ಲೋ ಉಳಿದಿರುವ ಅನುಮಾನ. ಪಕ್ಕದ ಹಲಗೆಯನ್ನೂ ಬಿಚ್ಚಬೇಕು.